ನಮ್ಮೂರ ಆಂಜನೇಯನ ಗುಡಿಗೆ ನಿಮ್ಮ ಕೈ ಬೇಕು

ಶ್ರೀ ಆಂಜನೇಯ ಪ್ರಸನ್ನ

ಊರಿನಲ್ಲಿರುವ ಮತ್ತು ಪರಊರಿನಲ್ಲಿ ನೆಲೆಸಿರುವ ಎಲ್ಲ ಬಂಧುಗಳಿಗೆ ನಮಸ್ಕಾರಗಳು.

ಈ ಶ್ರಾವಣದ ಕೊನೇ ಶನಿವಾರ ಗರ್ಭಗುಡಿಯೊಳಗೇ ಮಳೆ ಸುರಿಯಿತು. ಅರ್ಚಕರು ಒಂದು ಕೈಯಲ್ಲಿ ಮಂಗಳಾರತಿ ಎತ್ತಿದರು. ಅವರ ಮಗ ಸ್ವಾಮಿಗೆ ಕೊಡೆ ಹಿಡಿದು ನಿಂತಿದ್ದ. ಅದನ್ನು ನೋಡಿದವರು ಯಾರೂ ಆ ದಿನ ನೆಮ್ಮದಿಯಾಗಿ ಊಟ ಮಾಡಲಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಒಂಬತ್ತು ವರ್ಷದ ಹಿಂದೆಯೂ ಇದೇ ಮಾಳಿಗೆಗೆ ಚಂದಾ ಎತ್ತಿದ್ದೆವು. ಆಗ ಹಳೇ ಗಾರೆಯ ಮೇಲೆ ಸಿಮೆಂಟ್ ಬಳಿಸಿದೆವು. ಅದು ಬಿರುಕು ಬಿಟ್ಟಿತು. ಒಳಗೆ ಇಳಿದ ನೀರು ಆರಲು ದಾರಿಯಿಲ್ಲದೆ ಕಲ್ಲಿನ ಸಂದುಗಳಲ್ಲೇ ನಿಂತಿತು. ಆ ಹಣದ ಲೆಕ್ಕವನ್ನೂ ಯಾರಿಗೂ ತೋರಿಸಲಿಲ್ಲ. ಎರಡೂ ನಮ್ಮದೇ ತಪ್ಪು. ಕೊಟ್ಟವರು ಬೇಸರ ಪಟ್ಟಿದ್ದು ಸರಿಯೇ.

ಈ ಸಲ ಸಿಮೆಂಟ್ ಪೂರ್ತಿ ಕಿತ್ತು, ಸುಣ್ಣದ ಗಾರೆಯನ್ನೇ ಹಾಕಿಸುತ್ತೇವೆ. ಸುಣ್ಣ ವಾರಗಟ್ಟಲೆ ನೆನೆಯಬೇಕು, ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಅರೆಯಬೇಕು. ಕೂಲಿ ಜಾಸ್ತಿ, ನಿಜ. ಮಾಳಿಗೆಗೆ 3,40,000 ರೂಪಾಯಿ ಬೇಕು. ಮುಖಮಂಟಪದ ಸೀಳಿದ ತೊಲೆ ಬದಲಿಸಲು 1,85,000, ನೀರು ಬಿದ್ದು ಹಾಳಾದ ವೈರಿಂಗ್‌ಗೆ 45,000. ಕಲ್ಲು ಬಿಚ್ಚಿದ ಮೇಲೆ ಏನು ಕಾಣುತ್ತದೋ ಗೊತ್ತಿಲ್ಲ, ಅದಕ್ಕೆ 60,000. ಒಟ್ಟು 6,30,000. ಊರಿನಲ್ಲಿ ಇವತ್ತಿಗೆ 2,12,000 ಸೇರಿದೆ. ಇನ್ನು 4,18,000 ಬೇಕು.

ಕಳಾಕರ್ಷಣೆ, ಮರುಪ್ರತಿಷ್ಠೆ, ಅವತ್ತಿನ ಅನ್ನಸಂತರ್ಪಣೆಯ ಖರ್ಚು ಊರಿನ ಮನೆಗಳೇ ಬೇರೆಯಾಗಿ ಹೊರುತ್ತವೆ. ಈ ಹಣದಲ್ಲಿ ಒಂದು ರೂಪಾಯಿಯೂ ಅದಕ್ಕೆ ಹೋಗುವುದಿಲ್ಲ. ಹೊಸ ಗೋಪುರವಿಲ್ಲ, ಬೆಳ್ಳಿ ಕವಚವಿಲ್ಲ. ದಾನಿಗಳ ಹೆಸರಿನ ಕಲ್ಲೂ ಇಲ್ಲ. ನೂರು ಕೊಟ್ಟವರೂ ಲಕ್ಷ ಕೊಟ್ಟವರೂ ಸ್ವಾಮಿಯ ಮುಂದೆ ಒಂದೇ ಅಲ್ವಾ?

ಹಣ ಬ್ಯಾಂಕಿನ ಜಂಟಿ ಖಾತೆಯಲ್ಲಿರುತ್ತದೆ. ತೆಗೆಯಲು ಇಬ್ಬರ ಸಹಿ ಬೇಕು, ಅದರಲ್ಲಿ ಒಬ್ಬರು ಸಮಿತಿಯ ಹೊರಗಿನವರು. ಖಾತೆಯ ವಿವರ ಜೊತೆಗಿಟ್ಟ ಚೀಟಿಯಲ್ಲಿದೆ. ನಗದು ಕೊಟ್ಟರೆ ರಸೀದಿ ಕೇಳಿ ಪಡೆಯಿರಿ. ಆದಾಯ ತೆರಿಗೆಯ 80ಜಿ ರಿಯಾಯಿತಿ ನಮ್ಮ ಸಮಿತಿಗಿಲ್ಲ, ತಿಳಿದು ಕೊಡಿ. ಪ್ರತಿ ತಿಂಗಳ ಮೊದಲ ಶನಿವಾರ ಜಮಾ-ಖರ್ಚು ಗುಡಿಯ ಹಲಗೆಯ ಮೇಲೆ ಬರುತ್ತದೆ, ಬಿಲ್ಲುಗಳ ಫೋಟೊ ಊರಿನ ವಾಟ್ಸಾಪ್ ಗುಂಪಿಗೂ ಬರುತ್ತದೆ.

ಹಣ ಪೂರ್ತಿ ಸೇರದಿದ್ದರೆ ಮಾಳಿಗೆ ಮೊದಲು, ಉಳಿದದ್ದು ಆಮೇಲೆ. ಸಾಲ ಮಾಡುವುದಿಲ್ಲ. ಮಿಕ್ಕಿದರೆ ಗುಡಿಯ ಹೆಸರಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷವರ್ಷ ಮಾಳಿಗೆಯ ಗಿಡ ಕೀಳಿಸಿ, ಬಿರುಕು ಮುಚ್ಚಿಸುತ್ತೇವೆ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು. ಹಣ ಕಳಿಸಲು ಆಗದವರು ಸಿಮೆಂಟ್ ಕೀಳುವ ವಾರ ಬನ್ನಿ. ಹೊರಲು ಕೈಗಳು ಬೇಕು. ಊಟ ಗುಡಿಯಲ್ಲೇ.

ಗುಡಿ ದುರಸ್ತಿ ಸಮಿತಿಯ ಪರವಾಗಿ,
ಖಜಾಂಚಿ