ವಾರ್ಫರಿನ್ ತೆಗೆದುಕೊಳ್ಳುವವರ ಪ್ರಶ್ನೆಗಳು: ಐಎನ್‌ಆರ್ ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ?

ಹೃದಯದ ವಾಲ್ವ್ ಬದಲಾಯಿಸಿಕೊಂಡವರು, ಎದೆಬಡಿತ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು ವಾರಕ್ಕೆ ಎರಡು ದಿನ ನಮ್ಮ ಒಪಿಡಿಗೆ ಬರುತ್ತಾರೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ವಾರ್ಫರಿನ್ ಬದಲು ಅಸಿನೋಕೌಮರಾಲ್ ಕೊಟ್ಟಿರುತ್ತಾರೆ. ಅವರಿಗೂ ಇದು ಬಹುಪಾಲು ಅನ್ವಯಿಸುತ್ತದೆ. ಆದರೆ ಎರಡೂ ಮಾತ್ರೆಗಳ ಮಿಲಿಗ್ರಾಂ ಲೆಕ್ಕ ಬೇರೆ. ಒಂದರ ಬದಲು ಇನ್ನೊಂದನ್ನು ನೀವೇ ನುಂಗಬೇಡಿ.

ಡಾಕ್ಟ್ರೇ, ಐಎನ್‌ಆರ್ 2.6 ಅಂತ ಬರೆದಿದ್ದಾರೆ. ಇದು ಒಳ್ಳೇದಾ, ಕೆಟ್ಟದ್ದಾ?

ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ ಇದು. ಈ ಮಾತ್ರೆ ತಗೊಳ್ಳದವರಲ್ಲಿ ಸುಮಾರು 1 ಇರುತ್ತದೆ. ನಿಮ್ಮಲ್ಲಿ ಬಹಳಷ್ಟು ಜನರಿಗೆ 2ರಿಂದ 3ರೊಳಗೆ ಇರಬೇಕು. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ 2.5ರಿಂದ 3.5. ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಪಾರ್ಶ್ವವಾಯು ಬಡಿಯಬಹುದು. ಜಾಸ್ತಿಯಾದರೆ ರಕ್ತಸ್ರಾವದ ಭಯ. ನಿಮಗೆ ಎಷ್ಟಿರಬೇಕು ಅಂತ ಐಎನ್‌ಆರ್ ಪುಸ್ತಕದ ಮೊದಲ ಪುಟದಲ್ಲೇ ಬರೆಸಿಟ್ಟುಕೊಳ್ಳಿ.

ಸೊಪ್ಪು ಮುಟ್ಟಲೇಬಾರದು ಅಂತ ಪಕ್ಕದ ಮನೆಯವರು ಹೇಳಿದ್ರು. ಮೂರು ತಿಂಗಳಿಂದ ಬಿಟ್ಟಿದ್ದೀನಿ.

ಈ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಸೊಪ್ಪು ಬಿಡಬೇಕಾಗಿಲ್ಲ.

ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ನಮ್ಮ ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ಸರಿಮಾಡಿ ಮತ್ತೆ ಬಳಸುತ್ತದೆ. ವಾರ್ಫರಿನ್ ಆ ಮರುಬಳಕೆಯನ್ನು ತಡೆಯುತ್ತದೆ. ಪಾಲಕ್, ನುಗ್ಗೆ ಸೊಪ್ಪು, ದಂಟು, ಮೆಂತ್ಯ ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ ಇರುವುದರಿಂದ ತುಂಬಾ ತಿಂದರೆ ಐಎನ್‌ಆರ್ ಇಳಿಯುತ್ತದೆ. ಇಷ್ಟು ನಿಜ.

ಆದರೆ ನಿಮ್ಮ ಮಾತ್ರೆಯ ಡೋಸ್ ಅನ್ನು ನಾವು ನಿಮ್ಮ ಊಟಕ್ಕೆ ಹೊಂದಿಸಿಯೇ ನಿಗದಿ ಮಾಡಿರುತ್ತೇವೆ. ವಾರಕ್ಕೆ ಮೂರು ಸಲ ಬಸ್ಸಾರು ಮಾಡುವ ಮನೆ ನಿಮ್ಮದಾದರೆ, ಮೂರು ಸಲವೇ ಮಾಡಿ. ಪೂರ್ತಿ ಬಿಟ್ಟವರ ಮೈಯಲ್ಲಿ ವಿಟಮಿನ್ ಕೆ ದಾಸ್ತಾನು ತೀರಾ ಕಡಿಮೆಯಾಗುತ್ತದೆ. ಆಮೇಲೆ ಮದುವೆ ಮನೆಯಲ್ಲಿ ಒಂದು ಪಾಲಕ್ ಪಲ್ಯ ತಿಂದರೂ ಐಎನ್‌ಆರ್ ಅಲ್ಲಾಡುತ್ತದೆ. ಈಗ ನೀವು ಮತ್ತೆ ಶುರು ಮಾಡುವುದಾದರೆ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ, ವಾರದೊಳಗೆ ಒಂದು ಟೆಸ್ಟ್ ಮಾಡಿಸಿ.

ಮುದ್ದೆ, ಅನ್ನ, ಬೇಳೆ, ಮೊಸರಿನ ಬಗ್ಗೆ ಚಿಂತೆ ಬೇಡ. ಸಾರಿನ ಮೇಲೆ ಉದುರಿಸುವ ನಾಲ್ಕು ಎಲೆ ಕೊತ್ತಂಬರಿಗೂ ಹೆದರಬೇಡಿ. ಹಾಲಿಗೆ ಬೆರೆಸುವ ಪೌಡರ್‌ಗಳ ಡಬ್ಬಿ ಮಾತ್ರ ಓದಿ ನೋಡಿ, ಕೆಲವಕ್ಕೆ ವಿಟಮಿನ್ ಕೆ ಸೇರಿಸಿರುತ್ತಾರೆ.

ನಾಲ್ಕು ದಿನ ಭೇದಿ ಆಗಿತ್ತು, ಅಷ್ಟೇ. ಅದಕ್ಕೂ ಐಎನ್‌ಆರ್‌ಗೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಒಬ್ಬ ತಾಯಿಯ ಐಎನ್‌ಆರ್ ಪುಸ್ತಕ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೈಟ್ರಲ್ ವಾಲ್ವ್ ಆಪರೇಷನ್ ಆಗಿ ಆರು ವರ್ಷ. ಪುಟದ ತುಂಬಾ 2.8, 3.0, 2.7, 2.9. ಮುಂದಿನ ಸಾಲಿನಲ್ಲಿ 7.4! ಒಸಡಿನಲ್ಲಿ ರಕ್ತ ನಿಲ್ಲುತ್ತಿಲ್ಲ ಅಂತ ಮಗ ಕರೆದುಕೊಂಡು ಬಂದಿದ್ದರು. ವಾರ್ಫರಿನ್ ಒಂದು ದಿನವೂ ಹೆಚ್ಚುಕಮ್ಮಿ ಆಗಿರಲಿಲ್ಲ.

ವಿಚಾರಿಸಿದರೆ ವಾರದ ಹಿಂದೆ ಭೇದಿ. ಗಂಜಿ ಬಿಟ್ಟು ಬೇರೇನೂ ತಿಂದಿಲ್ಲ. ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಹೇಳಿ ಮಾತ್ರೆ ತಂದಿದ್ದರು. ಸೀರೆಯ ಸೆರಗಿನ ಗಂಟು ಬಿಚ್ಚಿ ಆ ಖಾಲಿ ಸ್ಟ್ರಿಪ್ ತೋರಿಸಿದರು. ಮೆಟ್ರೋನಿಡಜೋಲ್. ಊಟ ಕಡಿಮೆಯಾಗಿ ವಿಟಮಿನ್ ಕೆ ನಿಂತಿತ್ತು. ಮೇಲಿಂದ ಮೆಟ್ರೋನಿಡಜೋಲ್, ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಲಿವರಿನ ಕೆಲಸಕ್ಕೆ ಅಡ್ಡ ಬಂದಿತ್ತು. ಅವರು ಚೇತರಿಸಿಕೊಂಡರು. ಆ ಸ್ಟ್ರಿಪ್ ಎಸೆಯದೆ ತಂದಿದ್ದರಿಂದ ಐಎನ್‌ಆರ್ ಏರಿದ್ದರ ಕಾರಣ ಕೂಡಲೇ ಸಿಕ್ಕಿತು.

ಎರಡು ದಿನಕ್ಕಿಂತ ಜಾಸ್ತಿ ಜ್ವರ, ವಾಂತಿ, ಭೇದಿ ಇದ್ದರೆ, ಊಟ ಸೇರದಿದ್ದರೆ ಫೋನ್ ಮಾಡಿ, ಐಎನ್‌ಆರ್ ಮಾಡಿಸಿ. ಹೃದಯದ ತೊಂದರೆ ಉಲ್ಬಣಿಸಿ ಕಾಲು ಊದಿಕೊಂಡಾಗಲೂ ಐಎನ್‌ಆರ್ ಏರಬಹುದು, ಏಕೆಂದರೆ ಆಗ ಲಿವರಿಗೂ ಭಾರ ಬೀಳುತ್ತದೆ. ದಿನಗಟ್ಟಲೆ ಉಪವಾಸ ಮಾಡುವವರು ಮೊದಲೇ ತಿಳಿಸಿ.

ಬೇರೆ ಯಾವ ಮಾತ್ರೆಗಳಿಗೆ ಹುಷಾರಾಗಿರಬೇಕು?

ಐಎನ್‌ಆರ್ ಏರಿಸುವುದರಲ್ಲಿ ಆಂಟಿಬಯೋಟಿಕ್‌ಗಳದ್ದು ದೊಡ್ಡ ಪಾಲು. ಮೆಟ್ರೋನಿಡಜೋಲ್ ಅಲ್ಲದೆ ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಕ್ಲಾರಿತ್ರೋಮೈಸಿನ್. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೂಡ. ಬಾಯೊಳಗಿನ ಫಂಗಸ್‌ಗೆ ಹಚ್ಚುವ ಮೈಕೊನಜೋಲ್ ಜೆಲ್ ಸಹ ಏರಿಸುತ್ತದೆ. ಹಚ್ಚುವ ಔಷಧಿ ಅಂತ ಯಾರೂ ಹೇಳುವುದೇ ಇಲ್ಲ. ಎದೆಬಡಿತಕ್ಕೆ ಕೊಡುವ ಅಮಿಯೋಡರೋನ್ ನಿಧಾನವಾಗಿ, ವಾರಗಟ್ಟಲೆ ಏರಿಸುತ್ತಾ ಹೋಗುತ್ತದೆ. ಆಂಟಿಬಯೋಟಿಕ್ ಬೇಕೇ ಆದರೆ ತಗೊಳ್ಳಿ, ಇನ್ಫೆಕ್ಷನ್ ಹಾಗೇ ಬಿಟ್ಟರೆ ವಾಲ್ವಿಗೇ ಅಪಾಯ. ಶುರು ಮಾಡಿದ ಮೂರರಿಂದ ಐದು ದಿನದೊಳಗೆ ಟೆಸ್ಟ್ ಮಾಡಿಸಿ.

ಇಳಿಸುವವೂ ಇವೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಒಂದು.

ನಮ್ಮ ಯಜಮಾನರಿಗೆ ಟಿಬಿ ಮಾತ್ರೆ ಶುರುವಾಗಿದೆ. ವಾರ್ಫರಿನ್ ಎಷ್ಟು ಹೆಚ್ಚಿಸಿದರೂ ಐಎನ್‌ಆರ್ 1.4 ದಾಟ್ತಿಲ್ಲ.

ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್, ವಾರ್ಫರಿನ್ ಬೇಗ ಕರಗಿ ಹೋಗುವಂತೆ ಲಿವರನ್ನು ಚುರುಕುಗೊಳಿಸುತ್ತದೆ. ಕೆಲವರಿಗೆ ಡೋಸ್ ಎರಡರಷ್ಟು, ಅದಕ್ಕೂ ಹೆಚ್ಚು ಬೇಕಾಗಬಹುದು. ಟಿಬಿ ಮಾತ್ರೆ ಬಿಡಿಸಬೇಡಿ, ವಾರ ವಾರ ಟೆಸ್ಟ್ ಮಾಡಿಸಿ. ನಿಜವಾದ ಅಪಾಯ ಕೋರ್ಸ್ ಮುಗಿದ ಮೇಲೆ. ರಿಫಾಂಪಿಸಿನ್ ನಿಂತ ಕೆಲವು ವಾರಗಳಲ್ಲಿ ಲಿವರ್ ಮೊದಲಿನ ವೇಗಕ್ಕೆ ಬರುತ್ತದೆ. ಆಗ ಆ ದೊಡ್ಡ ಡೋಸ್ ವಿಪರೀತವಾಗುತ್ತದೆ. ಕೊನೆಯ ಮಾತ್ರೆಯ ದಿನಾಂಕ ನಮಗೆ ಮೊದಲೇ ಹೇಳಿ.

ಮೊಣಕಾಲು ನೋವಿಗೆ ಏನು ತಗೊಳ್ಳಲಿ?

ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಇವು ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತಸ್ರಾವ ತರುತ್ತವೆ. ಐಎನ್‌ಆರ್ ಸರಿಯಾಗಿದ್ದಾಗಲೂ! ಪ್ಯಾರಾಸಿಟಮಾಲ್ ವಾಸಿ. ಆದರೆ ದಿನಕ್ಕೆ ನಾಲ್ಕು 500ರ ಮಾತ್ರೆಯಂತೆ ಹಲವು ದಿನ ನುಂಗಿದರೆ ಅದೂ ಐಎನ್‌ಆರ್ ಏರಿಸುತ್ತದೆ. ಹೃದ್ರೋಗ ತಜ್ಞರೇ ಆಸ್ಪಿರಿನ್ ಬರೆದಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ.

ನಾಟಿ ಔಷಧಿ, ಕಷಾಯ ಪರವಾಗಿಲ್ವಾ?

ಅಡುಗೆಯ ಶುಂಠಿ, ಬೆಳ್ಳುಳ್ಳಿ, ಅರಿಶಿನ ಪರವಾಗಿಲ್ಲ. ಅದೇ ಅರಿಶಿನದ, ಬೆಳ್ಳುಳ್ಳಿಯ ಕ್ಯಾಪ್ಸೂಲ್ ಬೇರೆ ಮಾತು. ಏನು ಹಾಕಿದ್ದಾರೆಂದು ಗೊತ್ತಿಲ್ಲದ ಪುಡಿ ಬೇಡ. ನೀವು ಹೇಳಿದರೆ ನಾನು ಬೈಯುವುದಿಲ್ಲ, ಮುಚ್ಚಿಡಬೇಡಿ ಅಷ್ಟೇ.

ಹಬ್ಬಕ್ಕೆ ಸ್ವಲ್ಪ ಕುಡಿದ್ರೆ?

ಒಂದೇ ಸಲ ಜಾಸ್ತಿ ಕುಡಿದರೆ ಐಎನ್‌ಆರ್ ಏರಬಹುದು, ಬಿದ್ದು ತಲೆಗೆ ಪೆಟ್ಟಾದರೆ ಒಳಗೆ ರಕ್ತ ನಿಲ್ಲುವುದಿಲ್ಲ. ಬೇಡ.

ನಿನ್ನೆ ಮಾತ್ರೆ ಮರೆತೆ. ಇವತ್ತು ಎರಡು ತಗೊಳ್ಳಲಾ?

ಬೇಡ. ಅದೇ ದಿನ ನೆನಪಾದರೆ ತಗೊಳ್ಳಿ. ಮರುದಿನ ನೆನಪಾದರೆ ಅವತ್ತಿನದು ಮಾತ್ರ ತಗೊಂಡು, ಮರೆತದ್ದನ್ನು ಪುಸ್ತಕದಲ್ಲಿ ಬರೆಯಿರಿ. ಇವತ್ತು ನುಂಗಿದ್ದರ ಪರಿಣಾಮ ಟೆಸ್ಟ್‌ನಲ್ಲಿ ಕಾಣಲು ಎರಡು ಮೂರು ದಿನ ಬೇಕು, ಪೂರ್ತಿ ಕಾಣಲು ಸುಮಾರು ವಾರ.

ಯಾವಾಗ ಕೂಡಲೇ ಆಸ್ಪತ್ರೆಗೆ ಓಡಬೇಕು?

ಮಲ ಡಾಂಬರಿನಂತೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಮುಟ್ಟಿನ ರಕ್ತ ಎಂದಿಗಿಂತ ಬಹಳ ಜಾಸ್ತಿ ಹೋದರೆ. ತಲೆಗೆ ಪೆಟ್ಟು ಬಿದ್ದರೆ, ಗಾಯ ಕಾಣದಿದ್ದರೂ ಹೋಗಿ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಕೈಕಾಲು ಸೋತರೆ, ಬಾಯಿ ಸೊಟ್ಟಗಾದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೊರಡುವಾಗ ಐಎನ್‌ಆರ್ ಪುಸ್ತಕ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರಿಗೆ ಹಾಕಿ ತನ್ನಿ. ಖಾಲಿಯಾದದ್ದೂ ಇರಲಿ.