ಅನಂತ ಮಿತಿಯ ವ್ಯಾಖ್ಯೆ ಮತ್ತು 1/x² ಕುರಿತ ಸಾಧನೆ

‘x ಸೊನ್ನೆಗೆ ಹತ್ತಿರವಾದಂತೆ 1/x² ತುಂಬಾ ದೊಡ್ಡದಾಗುತ್ತದೆ.’ ಪರೀಕ್ಷೆಯಲ್ಲಿ ಇಷ್ಟೇ ಬರೆದರೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಮಾತು ಸುಳ್ಳಲ್ಲ, ಆದರೆ ‘ತುಂಬಾ’ ಎಂದರೆ ಎಷ್ಟು? x = 0.01 ಆದಾಗ 1/x² ಬೆಲೆ 10,000. ಈಗ g(x) = 1/(x² + 0.000001) ನೋಡಿ. ಅದೇ x = 0.01ರಲ್ಲಿ ಇದರ ಬೆಲೆಯೂ 9,900 ದಾಟಿರುತ್ತದೆ. ಸೊನ್ನೆಯತ್ತ ಹೋದಂತೆ ಇದೂ ಏರುತ್ತಲೇ ಇರುತ್ತದೆ. ಆದರೆ x² ಎಂದೂ ಋಣವಾಗದ ಕಾರಣ g(x) ಹತ್ತು ಲಕ್ಷವನ್ನು ಮೀರುವ ಹಾಗೇ ಇಲ್ಲ. ಬೆಲೆಗಳ ಪಟ್ಟಿ ಮಾಡಿ ಇವೆರಡನ್ನು ಬೇರ್ಪಡಿಸಲು ಹೊರಟರೆ ಮೋಸ ಹೋಗುತ್ತೇವೆ. ಬೇರ್ಪಡಿಸುವುದು ವ್ಯಾಖ್ಯೆ.

ವ್ಯಾಖ್ಯೆ. a ಬಿಂದುವಿನ ಸುತ್ತ, aಯನ್ನು ಬಿಟ್ಟು, f ವ್ಯಾಖ್ಯಿತವಾಗಿರಲಿ. ಯಾವುದೇ M > 0 ಕೊಟ್ಟರೂ, ಅದಕ್ಕೆ ತಕ್ಕ ಒಂದು δ > 0 ಸಿಕ್ಕಿ,

0 < |x − a| < δ ಆದಾಗಲೆಲ್ಲ f(x) > M

ಆಗುವುದಾದರೆ, lim(x→a) f(x) = ∞ ಎಂದು ಬರೆಯುತ್ತೇವೆ.

ಇಲ್ಲಿ ಕ್ರಮವೇ ಜೀವಾಳ. ಮೊದಲು ಎದುರಿನವರು M ಹೇಳುತ್ತಾರೆ, ಆಮೇಲೆ ನಾವು δ ಹುಡುಕುತ್ತೇವೆ. ಹಾಗಾಗಿ δ, Mನ ಮೇಲೆ ಅವಲಂಬಿಸಿರಬಹುದು. ಆದರೆ xನ ಮೇಲೆ ಅವಲಂಬಿಸಕೂಡದು. ಇನ್ನೊಂದು ಮಾತು: ವ್ಯಾಖ್ಯೆಯ ಷರತ್ತಿನಲ್ಲಿ ∞ ಎಲ್ಲೂ ಇಲ್ಲ, ಬರೀ ಸಾಮಾನ್ಯ ವಾಸ್ತವ ಸಂಖ್ಯೆಗಳಿವೆ. f ಹೋಗಿ ತಲುಪುವ ‘ಅನಂತ’ವೆಂಬ ಸಂಖ್ಯೆಯೊಂದಿದೆ ಎಂದು ನಾವು ಹೇಳುತ್ತಿಲ್ಲ.

ಸಾಧನೀಯ: lim(x→0) 1/x² = ∞

δ ಎಲ್ಲಿಂದ ಬರುತ್ತದೆ? ಹಾಳೆಯ ಅಂಚಿನಲ್ಲಿ ಹಿಂದಿನಿಂದ ಲೆಕ್ಕ ಮಾಡಿ. ನಮಗೆ ಬೇಕಾದದ್ದು 1/x² > M. ಅಂದರೆ x² < 1/M, ಅಂದರೆ |x| < 1/√M. ಸಿಕ್ಕಿತು. ಆದರೆ ಇದು ಹುಡುಕಾಟ ಮಾತ್ರ. ಸಾಧನೆಯನ್ನು ಮುಂದಿನಿಂದ ಬರೆಯಬೇಕು.

ಸಾಧನೆ. M > 0 ಯಾವುದೇ ಇರಲಿ. δ = 1/√M ಎಂದು ಆರಿಸಿಕೊಳ್ಳೋಣ; ಆಗ δ > 0. ಈಗ 0 < |x| < δ ಆಗಿರಲಿ. ಎಲ್ಲವೂ ಧನವಾದ್ದರಿಂದ ವರ್ಗ ಮಾಡಿದರೆ ಅಸಮತೆಯ ದಿಕ್ಕು ಬದಲಾಗದು:

0 < x² < δ² = 1/M

ಧನ ಸಂಖ್ಯೆಗಳ ವ್ಯುತ್ಕ್ರಮ ತೆಗೆದುಕೊಂಡಾಗ ದಿಕ್ಕು ತಿರುಗುತ್ತದೆ. ಆದ್ದರಿಂದ 1/x² > M. ∎

0 < |x| ಎಂಬುದನ್ನು ಬಿಟ್ಟು ಬರೆಯುವವರು ಬಹಳ. ಅದಿಲ್ಲದಿದ್ದರೆ x = 0 ಒಳಗೆ ನುಸುಳಿ, ವ್ಯುತ್ಕ್ರಮದ ಹೆಜ್ಜೆಯೇ ಕುಸಿಯುತ್ತದೆ.

ಒಮ್ಮೆ ಸಂಖ್ಯೆ ಹಾಕಿ ನೋಡಿ. M = 10,00,000 ಎಂದರೆ δ = 0.001. ಎಡಗಡೆಯಿಂದ x = −0.0005 ತೆಗೆದುಕೊಂಡರೆ x² = 0.00000025, 1/x² = 40,00,000. g ದಾಟಲಾರದ ಗಡಿಯನ್ನು ಇದು ನಾಲ್ಕು ಪಟ್ಟು ಮೀರಿತು.

ಎಡಗಡೆಯಿಂದ ಪರೀಕ್ಷಿಸಿದ್ದು ಬೇಕೆಂದೇ. ಇದೇ ವ್ಯಾಖ್ಯೆಯಲ್ಲಿ 1/x ಸೋಲುವುದು ಅಲ್ಲಿಯೇ: M = 1 ಕೊಟ್ಟರೆ ಸಾಕು, ನೀವು ಯಾವ δ ಆರಿಸಿದರೂ x = −δ/2 ಅದರೊಳಗೇ ಇರುತ್ತದೆ, ಅಲ್ಲಿ 1/x = −2/δ, ಋಣ ಸಂಖ್ಯೆ.