ಸಂಖ್ಯಾಶಾಸ್ತ್ರ ಮನೆಗೆಲಸ: ನಮ್ಮ ಕಾಫಿಯ ಓಟಿ 26 ಮಾತ್ರವೇ? ಒಂದು ಟಿ-ಪರೀಕ್ಷೆ

ಪ್ರಶ್ನೆ: ನಿಮ್ಮ ಸುತ್ತಮುತ್ತಲಿನ ಯಾವುದಾದರೂ ಒಂದು ಹೇಳಿಕೆಯನ್ನು ಆರಿಸಿಕೊಳ್ಳಿ. ನೀವೇ ಅಳತೆ ಮಾಡಿ, 5% ಮಟ್ಟದಲ್ಲಿ ಟಿ-ಪರೀಕ್ಷೆ ನಡೆಸಿ, ಫಲಿತಾಂಶವನ್ನು ವಿವರಿಸಿ.

ಹೇಳಿಕೆ ಎಲ್ಲಿಂದ ಬಂತು

ನಮ್ಮದು ಸಿದ್ದಾಪುರದ ಹತ್ತಿರ ಸಣ್ಣ ರೋಬಸ್ಟಾ ತೋಟ. ಈ ಸಲ ಕಣದಲ್ಲಿ ಒಣಗಿಸಿದ ಚೆರ್ರಿ 64 ಮೂಟೆ ಆಗಿದೆ, ಮೂಟೆಗೆ 50 ಕೆಜಿ. ಕೊಡಗಿನಲ್ಲಿ ಚೆರ್ರಿ ಮಾರುವವರಿಗೆಲ್ಲ ಓಟಿ ಗೊತ್ತಿರುತ್ತದೆ. 50 ಕೆಜಿ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಕಾಫಿ ಬೀಜ ಸಿಗುತ್ತದೆ ಅನ್ನೋದೇ ಓಟಿ. ರೇಟು ನಿಲ್ಲೋದು ಅದರ ಮೇಲೆ.

ಕೊಳ್ಳಲು ಬಂದವರೊಬ್ಬರು ಬಾಗಿಲ ಪಕ್ಕದ ಒಂದು ಮೂಟೆಯಿಂದ ಎರಡು ಹಿಡಿ ತೆಗೆದು ನೋಡಿ, "ನಿಮ್ಮದು 26 ಓಟಿ" ಅಂದರು. ಅಪ್ಪ ಸುಮ್ನೆ ತಲೆ ಆಡಿಸಿದರು. ಒಂದೇ ಮೂಟೆ ನೋಡಿ 64 ಮೂಟೆಗೂ ಒಂದೇ ಸಂಖ್ಯೆ ಹೇಳಬಹುದಾ? ಈ ಮನೆಗೆಲಸಕ್ಕೆ ನಾನು ಹಿಡಿದುಕೊಂಡಿದ್ದು ಆ 26ನ್ನೇ.

ಊಹೆಗಳು

μ ಅಂದರೆ 64 ಮೂಟೆಗಳ ನಿಜವಾದ ಸರಾಸರಿ ಓಟಿ.

ಶೂನ್ಯ ಊಹೆ, H₀: μ = 26
ಪರ್ಯಾಯ ಊಹೆ, H₁: μ ≠ 26
ಸಾರ್ಥಕತೆಯ ಮಟ್ಟ: α = 0.05

ಎರಡು ಬದಿಯ ಪರೀಕ್ಷೆ ಯಾಕೆ? ಓಟಿ 26ಕ್ಕಿಂತ ಜಾಸ್ತಿ ಇರಲಿ ಅನ್ನೋದು ನನ್ನ ಮನಸ್ಸಿನ ಆಸೆ. ಆದರೆ ಕಡಿಮೆ ಇದ್ದರೂ ನಮಗೆ ಗೊತ್ತಾಗಬೇಕು. ಆಸೆ ಇರುವ ಬದಿಯನ್ನು ಮಾತ್ರ ನೋಡಿದರೆ ಅದು ಪರೀಕ್ಷೆ ಆಗೋದಿಲ್ಲ. ಹಾಗಾಗಿ ಒಂದೂ ಮೂಟೆ ಬಿಚ್ಚುವ ಮೊದಲೇ ಈ ಸಾಲುಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ.

ಅಳತೆ

ಮೂಟೆಗಳ ಮೇಲೆ ಸೀಮೆಸುಣ್ಣದಲ್ಲಿ 1ರಿಂದ 64ರವರೆಗೆ ನಂಬರ್ ಹಾಕಿದೆ. ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿ, ತಂಗಿ ಕೈಯಲ್ಲಿ 10 ಚೀಟಿ ತೆಗೆಸಿದೆ. ಕೈಗೆ ಸಿಕ್ಕಿದ ಮೂಟೆಯನ್ನೇ ಆರಿಸಿದ್ದರೆ ಬಾಗಿಲ ಹತ್ತಿರದವು ಮಾತ್ರ ಬರುತ್ತಿದ್ದವು, ಅಲ್ವಾ?

ಪ್ರತಿ ಮೂಟೆಯ ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ಒಟ್ಟು 1 ಕೆಜಿ ತೆಗೆದೆ. ಸಿಪ್ಪೆ ತೆಗೆಸಿ ಬೀಜ ತೂಗಿದೆ. ಮೊದಲ ಮೂಟೆಯಲ್ಲಿ 528 ಗ್ರಾಂ ಬಂತು. 0.528 × 50 = 26.4, ಅದೇ ಅದರ ಓಟಿ. ಹೀಗೆ ಹತ್ತೂ ಮೂಟೆ:

26.4, 27.1, 25.8, 26.9, 27.3, 26.2, 26.7, 25.9, 27.0, 26.7

ಇಷ್ಟು ಸಣ್ಣ ಮಾದರಿಗೆ ಟಿ-ಪರೀಕ್ಷೆ ಸರಿಹೊಂದಬೇಕಾದರೆ ಅಳತೆಗಳು ಹೆಚ್ಚುಕಡಿಮೆ ಗಂಟೆಯಾಕಾರದಲ್ಲಿ ಹರಡಿರಬೇಕು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ನೋಡಿದೆ. ದೂರ ಹಾರಿ ಬಿದ್ದ ಚುಕ್ಕಿ ಯಾವುದೂ ಇಲ್ಲ.

ಲೆಕ್ಕ

ಮೊತ್ತ 266.0, n = 10. ಹಾಗಾಗಿ ಸರಾಸರಿ x̄ = 26.6.

ಸರಾಸರಿಯಿಂದ ವ್ಯತ್ಯಾಸಗಳು: −0.2, 0.5, −0.8, 0.3, 0.7, −0.4, 0.1, −0.7, 0.4, 0.1. ಇವನ್ನು ಕೂಡಿದರೆ ಸೊನ್ನೆ ಬರುತ್ತದೆ, ಅಂದರೆ ಕಳೆಯುವಾಗ ತಪ್ಪಿಲ್ಲ.

ವರ್ಗಗಳು: 0.04, 0.25, 0.64, 0.09, 0.49, 0.16, 0.01, 0.49, 0.16, 0.01. ಮೊತ್ತ 2.34.

s² = 2.34 / 9 = 0.26
s = √0.26 = 0.510
ಮಾನಕ ದೋಷ = s / √n = 0.510 / 3.162 = 0.161

t = (x̄ − μ₀) / (s / √n) = (26.6 − 26) / 0.161 = 3.72

ಕೊನೆಯ ಭಾಗಾಕಾರದಲ್ಲಿ ಮಾನಕ ದೋಷವನ್ನು ದುಂಡಾಗಿಸದೆ 0.16125 ಎಂದೇ ಇಟ್ಟುಕೊಂಡಿದ್ದೇನೆ. 10ರ ಬದಲು 9ರಿಂದ ಭಾಗಿಸಿದ್ದು ಯಾಕೆಂದರೆ ಸರಾಸರಿಯನ್ನೂ ಇದೇ ಹತ್ತು ಅಳತೆಗಳಿಂದ ತೆಗೆದಿದ್ದೇವೆ. ಒಂಬತ್ತು ವ್ಯತ್ಯಾಸ ಗೊತ್ತಾದರೆ ಹತ್ತನೆಯದು ತಾನಾಗಿಯೇ ನಿಂತುಬಿಡುತ್ತದೆ. ಹಾಗಾಗಿ ಡಿಗ್ರೀಸ್ ಆಫ್ ಫ್ರೀಡಂ 9.

ಕೋಷ್ಟಕದಲ್ಲಿ 9ರ ಸಾಲು, ಎರಡು ಬದಿ, 5%: 2.262. ನಮ್ಮ 3.72 ಅದನ್ನು ದಾಟಿದೆ. ಕಂಪ್ಯೂಟರಿನಲ್ಲಿ ತಾಳೆ ನೋಡಿದ್ದು ಹೀಗೆ:

```r
ot <- c(26.4, 27.1, 25.8, 26.9, 27.3,
        26.2, 26.7, 25.9, 27.0, 26.7)
t.test(ot, mu = 26)
```

p ಬೆಲೆ ಸುಮಾರು 0.0048. ಇದು 0.05ಕ್ಕಿಂತ ಕಡಿಮೆ. H₀ ಅನ್ನು ತಿರಸ್ಕರಿಸುತ್ತೇವೆ.

95% ವಿಶ್ವಾಸಾಂತರ: 26.6 ± 2.262 × 0.16125, ಅಂದರೆ 26.235ರಿಂದ 26.965ರವರೆಗೆ. 26 ಇದರೊಳಗೆ ಬರೋದಿಲ್ಲ.

ಅರ್ಥ

ನಿಜವಾದ ಸರಾಸರಿ 26 ಆಗಿದ್ದಿದ್ದರೆ, ಸುಮ್ನೆ ಚೀಟಿಯ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ದೂರದ t ಬರುವ ಸಾಧ್ಯತೆ ಸಾವಿರಕ್ಕೆ ಐದರ ಹತ್ತಿರ. p ಹೇಳೋದು ಇಷ್ಟೇ. "ಓಟಿ 26 ಆಗಿರುವ ಸಾಧ್ಯತೆ ಸಾವಿರಕ್ಕೆ ಐದು" ಎಂದು ಬರೆದರೆ ತಪ್ಪು. ನಾನೂ ಮೊದಲು ಹಾಗೇ ಬರೆದು, ಆಮೇಲೆ ಹೊಡೆದು ಹಾಕಿದೆ. p ಲೆಕ್ಕ ಹಾಕುವಾಗ 26 ಅನ್ನೋದನ್ನು ನಿಜ ಅಂತಲೇ ಇಟ್ಟುಕೊಂಡಿರುತ್ತೇವೆ. ಅದೇ ಲೆಕ್ಕ 26 ಎಷ್ಟು ನಿಜ ಅಂತ ತಿರುಗಿ ಹೇಳಲಾರದು.

ವ್ಯತ್ಯಾಸ ದೊಡ್ಡದಾ? ಮೂಟೆಗೆ 0.6 ಕೆಜಿ ಅಂದರೆ ಎರಡು ಹಿಡಿಯಲ್ಲಿ ಕಣ್ಣಿಗೆ ಕಾಣದು. 64 ಮೂಟೆಗೆ ಅದೇ 38.4 ಕೆಜಿ ಬೀಜ. ವಿಶ್ವಾಸಾಂತರದ ಎರಡು ತುದಿ ಹಿಡಿದರೆ ಸುಮಾರು 15ರಿಂದ 62 ಕೆಜಿ. ನಮ್ಮಂಥ ಸಣ್ಣ ತೋಟಕ್ಕೆ ಕೆಳಗಿನ ತುದಿಯೂ ಬಿಟ್ಟುಕೊಡುವಂಥದ್ದಲ್ಲ.

ಇನ್ನೊಂದು ಲೆಕ್ಕ ಮಾಡಿ ನೋಡಿದೆ, ಪ್ರಶ್ನೆಯಲ್ಲಿ ಕೇಳಿಲ್ಲ. ಮೊದಲ ನಾಲ್ಕು ಮೂಟೆಗೇ ನಿಲ್ಲಿಸಿದ್ದರೆ? ಸರಾಸರಿ 26.55, ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ. ಆದರೆ s = 0.580, t = 1.90, ದಾಟಬೇಕಾದ ಗೆರೆ 3.182. H₀ ಅನ್ನು ತಿರಸ್ಕರಿಸಲು ಆಗುತ್ತಿರಲಿಲ್ಲ. ಹಾಗಂತ ಓಟಿ 26 ಎಂದು ಸಾಬೀತಾಗುತ್ತಿತ್ತಾ? ಇಲ್ಲ. ನಾಲ್ಕು ಮೂಟೆಗೆ ಆ ವ್ಯತ್ಯಾಸವನ್ನು ಎತ್ತಿ ತೋರಿಸುವ ಬಲ ಇಲ್ಲ, ಅಷ್ಟೇ. "ತಿರಸ್ಕರಿಸಲಿಲ್ಲ" ಮತ್ತು "ಒಪ್ಪಿದೆವು" ಒಂದೇ ಅಲ್ಲ ಎಂದು ಮೇಡಂ ತರಗತಿಯಲ್ಲಿ ಹೇಳಿದ್ದು ನನಗೆ ಸರಿಯಾಗಿ ಅರ್ಥವಾಗಿದ್ದು ಇಲ್ಲೇ.

ಈ ಪರೀಕ್ಷೆಯೇ ಸಣ್ಣ ಮಾದರಿಗಳ ಕಷ್ಟದಿಂದ ಹುಟ್ಟಿದ್ದು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ಅವರ ಮುಂದೆ ಇದ್ದದ್ದೂ ಬಾರ್ಲಿಯಂಥ ಬೆಳೆ, ಕೈಯಲ್ಲಿದ್ದದ್ದೂ ಕೆಲವೇ ಅಳತೆ.

ಎಲ್ಲಿ ಎಚ್ಚರ ಬೇಕು

ಈ ಫಲಿತಾಂಶ ನಮ್ಮ 64 ಮೂಟೆಗೆ ಮಾತ್ರ. ಪಕ್ಕದ ತೋಟಕ್ಕೂ ಸಲ್ಲೋದಿಲ್ಲ, ಇಡೀ ಕೊಡಗಿಗಂತೂ ಇಲ್ಲ. 64ರಲ್ಲಿ 10 ತೆಗೆದಿದ್ದಕ್ಕೆ ಬೇರೆ ತಿದ್ದುಪಡಿ ಮಾಡಿಲ್ಲ. ಮಾಡಿದ್ದರೆ ಮಾನಕ ದೋಷ ಇನ್ನೂ ಸ್ವಲ್ಪ ಇಳಿದು t ಏರುತ್ತಿತ್ತು, ತೀರ್ಮಾನ ಬದಲಾಗುತ್ತಿರಲಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ತೇವಾಂಶ. ಸರಿಯಾಗಿ ಒಣಗದ ಬೀಜ ನೀರಿನಿಂದಾಗಿ ಜಾಸ್ತಿ ತೂಗುತ್ತದೆ. ನಾನು ತೇವಾಂಶ ಅಳೆದಿಲ್ಲ. ಹತ್ತು ಮೂಟೆಗೂ ಒಂದೇ ರೀತಿಯಲ್ಲಿ ತೇವ ಸೇರಿದ್ದರೆ ನೂರು ಮೂಟೆ ತೂಗಿದರೂ ಆ ತಪ್ಪು ಹೋಗೋದಿಲ್ಲ, t ಅದನ್ನು ಹಿಡಿಯಲೂ ಆರದು. ಕೊಳ್ಳಲು ಬಂದವರು ಬೇಕಂತಲೇ ಕಡಿಮೆ ಹೇಳಿದರು ಎಂದೂ ಈ ಲೆಕ್ಕದಿಂದ ಹೇಳಲಾಗದು. ಅವರು ನೋಡಿದ ಮೂಟೆ 25.8ರಂಥದ್ದೇ ಇದ್ದಿರಬಹುದು.

ಅಪ್ಪನಿಗೆ ಈ ಹಾಳೆ ಓದಿ ಹೇಳಿದೆ. ಶನಿವಾರ ತೇವಾಂಶ ಅಳೆಯುವ ಮೀಟರ್ ತರಿಸಿ, ಇದೇ ಹತ್ತು ನಂಬರಿನ ಮೂಟೆಗಳನ್ನು ಕೊಳ್ಳಲು ಬಂದವರ ಎದುರಿಗೇ ಬಿಚ್ಚೋಣ ಅಂದರು.